ತುದಿಯ ಹೊಲಕ್ಕೂ ನೀರು ಮುಟ್ಟುವಂತೆ ಕಾಲುವೆ ಪಾಳಿ ಹಾಕುವುದು ಹೇಗೆ

ಒಂದೇ ತೂಬಿನಿಂದ ನೀರು ಪಡೆಯುವ ಹೊಲಗಳಲ್ಲಿ ಪಾಳಿ ಹಾಕಿದ ಮೇಲೂ ತುದಿಯ ಹೊಲ ಒಣಗುವುದುಂಟು. ಕಳ್ಳತನವೇ ಯಾವಾಗಲೂ ಕಾರಣ ಅಲ್ಲ. "ಎಕರೆಗೆ ಇಷ್ಟು ಗಂಟೆ" ಎಂದು ಎಲ್ಲರಿಗೂ ಸಮನಾಗಿ ಹಂಚಿದ್ದರೂ ತುದಿಯವರಿಗೆ ನೀರು ಕಡಿಮೆಯೇ ಸಿಗುತ್ತದೆ. ಅವರ ಗಂಟೆ ಶುರುವಾದಾಗ ಕಾಲುವೆ ಅಲ್ಲಿಯವರೆಗೆ ಇನ್ನೂ ತುಂಬಿರುವುದಿಲ್ಲ. ತುಂಬಿದ ಮೇಲೂ ದಾರಿಯಲ್ಲಿ ಇಂಗಿ, ಸೋರಿ, ಉಳಿದದ್ದಷ್ಟೇ ಬರುತ್ತದೆ. ಗಂಟೆ ಸಮ, ನೀರು ಸಮ ಅಲ್ಲ. ಹಾಗಾಗಿ ದಾರಿಯಲ್ಲಿ ಕಾಲುವೆಯೇ ಹೀರಿಕೊಳ್ಳುವ ನೀರಿನ ಲೆಕ್ಕವನ್ನು ತುದಿಯವರೊಬ್ಬರ ಮೇಲೆ ಹೊರಿಸದೆ ಎಲ್ಲರಿಗೂ ಹಂಚಬೇಕು. ಈ ಲೆಕ್ಕ ಹಾಕುವುದು ಹೇಗೆ, ಹಾಕಿದ ಮೇಲೆ ಪಾಳಿ ಕೆಡದಂತೆ ನಡೆಸುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಜೊತೆ ಕೊನೆಯವರೆಗೂ ನೋಡೋಣ.

ಪಂಜಾಬ್, ಹರಿಯಾಣ ಮತ್ತು ಪಾಕಿಸ್ತಾನದ ಕಾಲುವೆ ಪ್ರದೇಶಗಳಲ್ಲಿ ಬಹಳ ಕಾಲದಿಂದ ನಡೆಯುತ್ತಿರುವ ವಾರಬಂದಿಯೇ ಇದಕ್ಕೆ ಬುನಾದಿ. ವಾರಕ್ಕೆ 168 ಗಂಟೆ. ಅಷ್ಟೂ ಗಂಟೆ ತೂಬಿನ ನೀರೆಲ್ಲ ಒಂದು ಸಲಕ್ಕೆ ಒಂದೇ ಹೊಲಕ್ಕೆ ಹೋಗುತ್ತದೆ. ಯಾರಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಮೊದಲೇ ಬರೆದಿರುತ್ತದೆ. ಕಾಲುವೆ ತುಂಬುವ ಹೊತ್ತಿಗೆ ಈ ಪದ್ಧತಿಯಲ್ಲಿ ಲೆಕ್ಕವಿದೆ. ಆದರೆ ದಾರಿಯಲ್ಲಿ ಇಂಗುವ ನೀರಿಗೆ ಸಾಮಾನ್ಯವಾಗಿ ಲೆಕ್ಕ ಇರುವುದಿಲ್ಲ. ನನ್ನ ಮಟ್ಟಿಗೆ ಅದನ್ನೂ ಸೇರಿಸಿದರೇ ಪಾಳಿ ಪೂರ್ತಿಯಾಗುವುದು.

ಮೊದಲು ಹೊಲಗಳ ಪಟ್ಟಿ

ತೂಬಿನಿಂದ ಹೊರಟು ಹೊಲಗಾಲುವೆಯ ಉದ್ದಕ್ಕೂ ತುದಿಯವರೆಗೆ ನಡೆಯಿರಿ. ಮೇಲಿನವರು, ತುದಿಯವರು ಇಬ್ಬರೂ ಜೊತೆಗಿರಲಿ. ಪ್ರತಿ ಹೊಲದ ಬಾಯಿ, ಅಂದರೆ ಕಾಲುವೆಯಿಂದ ಹೊಲಕ್ಕೆ ನೀರು ತಿರುಗಿಸುವ ಜಾಗ, ಎಲ್ಲಿದೆ ಎಂದು ಬರೆದುಕೊಳ್ಳಿ. ಒಬ್ಬರಿಗೆ ಎರಡು ಮೂರು ಬಾಯಿ ಇದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಮುಚ್ಚಲು ಒಪ್ಪಿಸಿ. ಬಾಯಿ ಹೆಚ್ಚಾದಷ್ಟೂ ಸೋರುವ ಜಾಗ ಹೆಚ್ಚು, ಕಾವಲೂ ಕಷ್ಟ.

ಆಮೇಲೆ ವಿಸ್ತೀರ್ಣ. ಪಾಳಿಗೆ ಹಿಡಿಯಬೇಕಾದದ್ದು ಆ ತೂಬಿನ ಅಚ್ಚುಕಟ್ಟಿಗೆ ಸೇರಿದ ಜಮೀನು ಮಾತ್ರ. ಯಾರು ಯಾವ ಬೆಳೆ ಇಟ್ಟಿದ್ದಾರೆ ಎಂಬುದನ್ನು ಇದರೊಳಗೆ ತರಬೇಡಿ. "ನನ್ನದು ಭತ್ತ, ನನಗೆ ಜಾಸ್ತಿ ನೀರು ಬೇಕು" ಎಂಬ ಮಾತಿಗೆ ಒಮ್ಮೆ ಒಪ್ಪಿದರೆ ಮುಂದಿನ ಬೆಳೆಗೆ ಮೇಲಿನವರೆಲ್ಲ ಭತ್ತ ಹಾಕುತ್ತಾರೆ, ತುದಿಗೆ ಏನೂ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಪಾಲಿನ ನೀರು ಎಷ್ಟು ಎಂದು ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಬೆಳೆಯನ್ನು ಅವರೇ ಆರಿಸಿಕೊಳ್ಳುತ್ತಾರೆ. ಅಚ್ಚುಕಟ್ಟಿನ ಹೊರಗಿನ ಜಮೀನಿಗೆ ಪಂಪಿಟ್ಟು ನೀರೆತ್ತುವವರು ಇದ್ದರೆ ಅದನ್ನು ಈ ಹಂತದಲ್ಲೇ ಬಗೆಹರಿಸಿಕೊಳ್ಳಿ. ಆ ಪಂಪು ಹಾಗೇ ಓಡುತ್ತಿದ್ದರೆ ಮುಂದಿನ ಯಾವ ಲೆಕ್ಕವೂ ಹೊಂದುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಒಂದು ತೂಬು, ಆರು ಹೊಲ, ಒಟ್ಟು 60 ಎಕರೆ. ತೂಬಿನ ಕಡೆಯಿಂದ ಮೊದಲ ಹೊಲ 14 ಎಕರೆ, ಎರಡನೆಯದು 10, ಮೂರನೆಯದು 12, ನಾಲ್ಕನೆಯದು 8, ಐದನೆಯದು 10. ತುದಿಯ ಆರನೆಯದು 6 ಎಕರೆ.

ಕಾಲುವೆ ಸರಿಮಾಡದೆ ಅಳೆಯಬೇಡಿ

ಅಳತೆಗೆ ಮುಂಚೆ ಒಂದು ಕೆಲಸ ಮುಗಿಸಲೇಬೇಕು. ಹೂಳು ತೆಗೆಯಿರಿ, ಹುಲ್ಲು ಕೀಳಿರಿ, ಕುಸಿದ ಬದು ಕಟ್ಟಿರಿ. ತುದಿಯ ಕಡೆಯಿಂದ ಕೆಲಸ ಶುರು ಮಾಡಿ. ಮೇಲಿನಿಂದ ಶುರು ಮಾಡಿದರೆ ಅರ್ಧ ದಾರಿಗೆ ಬರುವಷ್ಟರಲ್ಲಿ ಜನ ಕರಗುತ್ತಾರೆ. ಆಗ ಹೂಳು ಉಳಿಯುವುದು ತುದಿಯಲ್ಲೇ.

ಪ್ರತಿ ಹೊಲದ ಬಾಯಿಗೂ ಸರಿಯಾಗಿ ಕೂರುವ ಹಲಗೆ ಅಥವಾ ತಗಡಿನ ಗೇಟು ಬೇಕು. ಬರೀ ಮಣ್ಣು, ಹುಲ್ಲು ತುರುಕಿ ಮುಚ್ಚಿದ ಬಾಯಿ ರಾತ್ರಿಯಿಡೀ ಸೋರುತ್ತಿರುತ್ತದೆ. ಒಂದೊಂದು ಬಾಯಿಯಿಂದ ಸೋರುವುದು ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ, ಆದರೆ ಐದು ಬಾಯಿ ದಾಟಿ ತುದಿಗೆ ಬರುವಷ್ಟರಲ್ಲಿ ಅದು ದೊಡ್ಡ ಪಾಲೇ ಆಗಿರುತ್ತದೆ.

ಇದನ್ನು ಮೊದಲು ಮಾಡಿ ಎನ್ನುವುದಕ್ಕೆ ಕಾರಣವಿದೆ. ಮುಂದೆ ನಾವು ದಾರಿಯಲ್ಲಿ ಕಳೆದುಹೋಗುವ ನೀರನ್ನು ಅಳೆದು, ಅದಕ್ಕೆ ಬದಲಾಗಿ ತುದಿಯವರಿಗೆ ಹೆಚ್ಚು ಹೊತ್ತು ಕೊಡುತ್ತೇವೆ. ಮಣ್ಣಿಗೆ ಇಂಗುವ ನೀರನ್ನು ಯಾರೂ ತಪ್ಪಿಸಲಾಗದು, ಅದನ್ನು ಎಲ್ಲರೂ ಹೊರಬೇಕು. ಆದರೆ ಒಬ್ಬರ ಹಲಗೆಯ ಸಂದಿನಿಂದ ಸೋರುವ ನೀರು ಅವರದೇ ಹೊಲಕ್ಕೆ ಹೋಗುತ್ತಿರುತ್ತದೆ. ಅದನ್ನೂ ನಷ್ಟದ ಲೆಕ್ಕಕ್ಕೆ ಸೇರಿಸಿದರೆ ಆ ಸೋರಿಕೆಗೆ ನಾವೇ ಒಪ್ಪಿಗೆ ಕೊಟ್ಟಂತೆ.

ಎರಡು ಅಳತೆ: ತುಂಬುವ ಹೊತ್ತು, ಹರಿವು

ಕಾಲುವೆಯಲ್ಲಿ ನೀರು ಸ್ಥಿರವಾಗಿ ಹರಿಯುತ್ತಿರುವ ದಿನ ನೋಡಿ ಅಳೆಯಲು ಕೂರಿ. ಮೊದಲನೆಯದು ತುಂಬುವ ಹೊತ್ತು. ಮೊದಲ ಹೊಲದಿಂದ ಕೆಳಗಿನ ಕಾಲುವೆಯ ಮಣ್ಣು ನೆನೆದಿರಬೇಕು, ಆದರೆ ನೀರು ಹರಿದು ಖಾಲಿಯಾಗಿರಬೇಕು, ಪಾಳಿಯ ದಿನಗಳಲ್ಲಿ ಇರುವಂತೆ. ನೀರೆಲ್ಲ ಮೊದಲ ಹೊಲಕ್ಕೆ ಹೋಗುತ್ತಿರಲಿ. ಅದರ ಬಾಯಿ ಮುಚ್ಚಿ ಗಡಿಯಾರ ನೋಡಿ. ನೀರು ಎರಡನೇ ಹೊಲದ ಬಾಯಿಗೆ ಬಂದು ಪೂರ್ತಿ ಮಟ್ಟಕ್ಕೆ ಏರಿದಾಗ ಮತ್ತೆ ನೋಡಿ. ನೀರಿನ ಮೊದಲ ನಾಲಿಗೆ ಮುಟ್ಟಿದ ಹೊತ್ತನ್ನು ಬರೆಯಬೇಡಿ, ಮಟ್ಟ ನಿಂತ ಹೊತ್ತನ್ನು ಬರೆಯಿರಿ. ಹೀಗೇ ಒಂದೊಂದು ಬಾಯಿ ದಾಟುತ್ತಾ ತುದಿಯವರೆಗೆ ಹೋಗಿ. ನಮ್ಮ ಉದಾಹರಣೆಯಲ್ಲಿ ಎರಡನೇ ಹೊಲಕ್ಕೆ 20 ನಿಮಿಷ, ಮೂರಕ್ಕೆ 25, ನಾಲ್ಕಕ್ಕೆ 20, ಐದಕ್ಕೆ 25, ಆರಕ್ಕೆ 30 ಬಂತು. ಒಟ್ಟು 120 ನಿಮಿಷ. ಮೊದಲ ಹೊಲಕ್ಕೆ ಸೊನ್ನೆ, ಏಕೆಂದರೆ ತೂಬಿನಿಂದ ಅಲ್ಲಿಯವರೆಗಿನ ಕಾಲುವೆ ವಾರವಿಡೀ ತುಂಬೇ ಇರುತ್ತದೆ.

ಇದರ ಜೊತೆ ಇನ್ನೊಂದು ಹೊತ್ತು ಅಳೆಯಬೇಕು. ಆರನೇ ಹೊಲದ ಪಾಳಿ ಮುಗಿದು ನೀರನ್ನು ಮತ್ತೆ ಮೊದಲ ಹೊಲಕ್ಕೆ ತಿರುಗಿಸಿದ ಮೇಲೂ ಕಾಲುವೆಯಲ್ಲಿ ಉಳಿದ ನೀರು ಕೆಳಗೆ ಹರಿದು ಆರನೇ ಹೊಲಕ್ಕೇ ಸೇರುತ್ತದೆ. ಇದು ತುದಿಯವರಿಗೆ ಸಿಗುವ ಹೆಚ್ಚುವರಿ ನೀರು. ನ್ಯಾಯವಾಗಿ ಇದನ್ನು ಅವರ ಲೆಕ್ಕದಲ್ಲಿ ಕಳೆಯಬೇಕು. ಮೇಲೆ ನೀರು ತಿರುಗಿಸಿದ ಹೊತ್ತಿನಿಂದ ತುದಿಯಲ್ಲಿ ಹರಿವು ಅರ್ಧಕ್ಕೆ ಇಳಿಯುವವರೆಗೆ ಎಷ್ಟು ನಿಮಿಷ ಎಂದು ನೋಡಿದರೆ ಸಾಕು. ಮೊದಮೊದಲು ಪೂರ್ತಿ, ಕೊನೆಕೊನೆಗೆ ಹನಿ ಹನಿ ಬರುವ ನೀರಿನ ಸರಾಸರಿ ಅಲ್ಲಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ನಮಗೆ 45 ನಿಮಿಷ ಬಂತು ಎಂದುಕೊಳ್ಳೋಣ.

ಎರಡನೆಯದು ಹರಿವಿನ ಅಳತೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಕಾಲುವೆ ನೇರವಾಗಿ, ಒಂದೇ ಅಗಲವಾಗಿರುವ 100 ಅಡಿ ಜಾಗ ಹುಡುಕಿ, ಎರಡೂ ಕಡೆ ಕಡ್ಡಿ ನೆಡಿ. ನೀರಿನ ಅಗಲವನ್ನೂ ಆಳವನ್ನೂ ಮೂರ್ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. ಅರ್ಧ ನೀರು ತುಂಬಿದ ಸಣ್ಣ ಬಾಟಲಿಯನ್ನು ಮೇಲಿನ ಕಡ್ಡಿಗಿಂತ ಸ್ವಲ್ಪ ಮೊದಲೇ ನಡುನೀರಿಗೆ ಬಿಡಿ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಅದು ಎಷ್ಟು ಸೆಕೆಂಡಿಗೆ ಹೋಗುತ್ತದೆ ನೋಡಿ. ನಾಲ್ಕೈದು ಸಲ ಬಿಟ್ಟು ಸರಾಸರಿ ಹಿಡಿಯಿರಿ. ಮೇಲ್ಮೈ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಬಂದ ವೇಗವನ್ನು 0.85 ರಿಂದ ಗುಣಿಸಬೇಕು.

ಮೊದಲ ಹೊಲದ ಹತ್ತಿರ ಅಗಲ 2 ಅಡಿ, ಆಳ 0.6 ಅಡಿ, ಅಂದರೆ 1.2 ಚದರ ಅಡಿ. ಬಾಟಲಿ 100 ಅಡಿಯನ್ನು 100 ಸೆಕೆಂಡಿನಲ್ಲಿ ದಾಟಿತು, ವೇಗ ಸೆಕೆಂಡಿಗೆ 1 ಅಡಿ. 1.2 ಅನ್ನು 1 ರಿಂದ, ಆಮೇಲೆ 0.85 ರಿಂದ ಗುಣಿಸಿದರೆ 1.02. ಅಂದರೆ ಸುಮಾರು 1 ಕ್ಯೂಸೆಕ್. ಅದೇ ನೀರನ್ನು ತುದಿಯವರೆಗೆ ಬಿಟ್ಟು, ಕೆಲವು ಗಂಟೆ ಸ್ಥಿರವಾಗಿ ಹರಿದ ಮೇಲೆ ಆರನೇ ಹೊಲದ ಹತ್ತಿರ ಅಳೆದಾಗ ಅಗಲ 2 ಅಡಿ, ಆಳ ಅರ್ಧ ಅಡಿ, 100 ಅಡಿಗೆ 113 ಸೆಕೆಂಡ್ ಬಂತು. ಲೆಕ್ಕ ಹಾಕಿದರೆ 0.75 ಕ್ಯೂಸೆಕ್. ಹೊರಟ ನೀರಿನಲ್ಲಿ ಕಾಲು ಭಾಗ ದಾರಿಯಲ್ಲೇ ಹೋಯಿತು.

ಬಾಟಲಿ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗೇ ಆಗುತ್ತದೆ. ನೂರಕ್ಕೆ ಹತ್ತರಷ್ಟು ತಪ್ಪಿದರೂ ಆಶ್ಚರ್ಯವಿಲ್ಲ. ಆದರೆ ಮೇಲೂ ಕೆಳಗೂ ಅದೇ ಬಾಟಲಿ, ಅದೇ ಕ್ರಮ ಬಳಸಿದರೆ ಎರಡರ ನಡುವಿನ ವ್ಯತ್ಯಾಸ ನಂಬುವ ಹಾಗಿರುತ್ತದೆ. ನಮಗೆ ಬೇಕಾಗಿರುವುದೂ ಅದೇ. ಗಾಳಿ ಜೋರಾಗಿರುವ ದಿನ ಮಾತ್ರ ಅಳೆಯಬೇಡಿ.

ನಡುವಿನ ಹೊಲಗಳಲ್ಲೂ ಹೀಗೇ ಅಳೆದು ಎರಡನೆಯದಕ್ಕೆ 0.95, ಮೂರಕ್ಕೆ 0.90, ನಾಲ್ಕಕ್ಕೆ 0.85, ಐದಕ್ಕೆ 0.80 ಬಂತು ಎಂದುಕೊಳ್ಳೋಣ.

ಗಂಟೆಗಳ ಲೆಕ್ಕ

ಒಂದು ಸುಲಭ ಲೆಕ್ಕ ನೆನಪಿಟ್ಟುಕೊಳ್ಳಿ. 1 ಕ್ಯೂಸೆಕ್ ನೀರು 1 ಗಂಟೆ ಹರಿದರೆ 1 ಎಕರೆಗೆ ಸುಮಾರು 1 ಇಂಚು ನೀರು ನಿಂತಷ್ಟಾಗುತ್ತದೆ. ಹೀಗಾಗಿ ಗಂಟೆಯನ್ನು ಇಂಚಿನ ಮಾತಿಗೆ ತಂದು ನೋಡುವುದು ಸುಲಭ.

ಮೊದಲು ಹಂಚಲು ಸಿಗುವ ಹೊತ್ತು ಎಷ್ಟು ನೋಡೋಣ. 168 ಗಂಟೆಯಿಂದ ತುಂಬುವ 2 ಗಂಟೆ ಕಳೆಯಿರಿ. ಉಳಿದ ನೀರು ಬಸಿದು ಬರುವ 45 ನಿಮಿಷ ಕೂಡಿಸಿ. 166 ಗಂಟೆ 45 ನಿಮಿಷ ಬರುತ್ತದೆ, ನಿಮಿಷದಲ್ಲಿ 10,005. ಇದನ್ನು 60 ಎಕರೆಗೆ ಹಂಚಿದರೆ ಎಕರೆಗೆ ಸುಮಾರು 167 ನಿಮಿಷ. ಆಮೇಲೆ ಪ್ರತಿ ಹೊಲಕ್ಕೂ ಅದರ ತುಂಬುವ ಹೊತ್ತನ್ನು ಸೇರಿಸಿ ಕೊಡಬೇಕು, ಆರನೇ ಹೊಲಕ್ಕೆ ಮಾತ್ರ 45 ನಿಮಿಷ ಕಳೆಯಬೇಕು. ವಾರಬಂದಿಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಇದರ ಪ್ರಕಾರ ಮೊದಲ ಹೊಲಕ್ಕೆ ಸುಮಾರು 39 ಗಂಟೆ, ಆರನೆಯದಕ್ಕೆ 16 ಗಂಟೆ 25 ನಿಮಿಷ.

ಇಂಚಿನಲ್ಲಿ ನೋಡಿದರೆ ತೊಂದರೆ ಕಾಣುತ್ತದೆ. ಮೊದಲ ಹೊಲದ ಎಕರೆಗೆ ವಾರಕ್ಕೆ 2.8 ಇಂಚು ಬಿತ್ತು. ತುದಿಯ ಎಕರೆಗೆ ಅಷ್ಟೇ ಹೊತ್ತು ಸಿಕ್ಕಿದರೂ ಹರಿವು ಮುಕ್ಕಾಲು ಕ್ಯೂಸೆಕ್ ಇದ್ದದ್ದರಿಂದ 2.1 ಇಂಚು ಮಾತ್ರ. ತುಂಬುವ ಹೊತ್ತಿನ ಲೆಕ್ಕವನ್ನೂ ಬಿಟ್ಟರೆ ಇನ್ನೂ ಕಡಿಮೆ.

ಸರಿಪಡಿಸುವುದು ಹೀಗೆ. ಪ್ರತಿ ಹೊಲದ ಎಕರೆಯನ್ನು ಅಲ್ಲಿಯ ಹರಿವಿನಿಂದ ಭಾಗಿಸಿ. ಮೊದಲನೆಯದು 14 ಭಾಗ 1, ಅಂದರೆ 14. ಎರಡನೆಯದು 10 ಭಾಗ 0.95, ಅಂದರೆ 10.53. ಮೂರನೆಯದು 13.33, ನಾಲ್ಕನೆಯದು 9.41, ಐದನೆಯದು 12.5. ಆರನೆಯದು 6 ಭಾಗ 0.75, ಅಂದರೆ 8. ತುದಿಯ ಆರು ಎಕರೆಯನ್ನು ಗಂಟೆಯ ಲೆಕ್ಕಕ್ಕೆ ಎಂಟು ಎಕರೆ ಎಂದು ಹಿಡಿದಂತಾಯಿತು. ಇವೆಲ್ಲ ಕೂಡಿದರೆ 67.77. ಈಗ 10,005 ನಿಮಿಷವನ್ನು 67.77 ರಿಂದ ಭಾಗಿಸಿ, 147.6 ನಿಮಿಷ ಬರುತ್ತದೆ. ಇದನ್ನು ಆಯಾ ಹೊಲದ ಹೊಸ ಅಂಕಿಯಿಂದ ಗುಣಿಸಿ, ತುಂಬುವ ಹೊತ್ತು ಸೇರಿಸಿ, ಆರನೇ ಹೊಲಕ್ಕೆ ಮಾತ್ರ ಮೊದಲಿನಂತೆ 45 ನಿಮಿಷ ಕಳೆದರೆ ಪಾಳಿ ಸಿದ್ಧ. ವಾರವನ್ನು ಸೋಮವಾರ ಬೆಳಿಗ್ಗೆ 6ಕ್ಕೆ ಶುರು ಮಾಡಿದರೆ ಹೀಗಾಗುತ್ತದೆ:

- ಮೊದಲ ಹೊಲ: 34 ಗಂಟೆ 27 ನಿಮಿಷ. ಸೋಮವಾರ ಬೆಳಿಗ್ಗೆ 6:00 ರಿಂದ ಮಂಗಳವಾರ ಸಂಜೆ 4:27.
- ಎರಡನೇ ಹೊಲ: 26 ಗಂಟೆ 14 ನಿಮಿಷ. ಬುಧವಾರ ಸಂಜೆ 6:41ರ ತನಕ.
- ಮೂರನೇ ಹೊಲ: 33 ಗಂಟೆ 13 ನಿಮಿಷ. ಶುಕ್ರವಾರ ಬೆಳಗಿನ ಜಾವ 3:54ರ ತನಕ.
- ನಾಲ್ಕನೇ ಹೊಲ: 23 ಗಂಟೆ 30 ನಿಮಿಷ. ಶನಿವಾರ ಬೆಳಗಿನ ಜಾವ 3:24ರ ತನಕ.
- ಐದನೇ ಹೊಲ: 31 ಗಂಟೆ 10 ನಿಮಿಷ. ಭಾನುವಾರ ಬೆಳಿಗ್ಗೆ 10:34ರ ತನಕ.
- ಆರನೇ ಹೊಲ: 19 ಗಂಟೆ 26 ನಿಮಿಷ. ಸೋಮವಾರ ಬೆಳಿಗ್ಗೆ 6:00ರ ತನಕ.

ಎಲ್ಲ ಕೂಡಿದರೆ ಸರಿಯಾಗಿ 168 ಗಂಟೆ. ಈಗ ಮೇಲಿನ ಎಕರೆಗೂ ತುದಿಯ ಎಕರೆಗೂ ಎರಡೂವರೆ ಇಂಚಿನ ಹತ್ತಿರ ಸಮನಾಗಿ ನೀರು ಬೀಳುತ್ತದೆ. ಮೊದಲ ಹೊಲದವರು ಬಿಟ್ಟುಕೊಟ್ಟದ್ದು ನಾಲ್ಕೂವರೆ ಗಂಟೆ. ತುದಿಯವರಿಗೆ ಸಿಕ್ಕಿದ್ದು ಮೂರು ಗಂಟೆ. ಉಳಿದದ್ದು ನಡುವಿನ ಹೊಲಗಳ ಏರುಪೇರಿಗೆ ಹೋಯಿತು. ಅಂಕಿಗಳನ್ನು ಐದು ನಿಮಿಷಕ್ಕೆ ಸರಿಹೊಂದಿಸಿಕೊಂಡರೆ ತಪ್ಪೇನಿಲ್ಲ.

ಮೇಲಿನವರು ಇದಕ್ಕೆ ಒಪ್ಪುತ್ತಾರಾ? ಇಲ್ಲೇ ಅಳತೆ ಕೆಲಸಕ್ಕೆ ಬರುವುದು. ಬಾಟಲಿ ಬಿಡುವಾಗ ಅವರೂ ಪಕ್ಕದಲ್ಲಿ ನಿಂತು ಸೆಕೆಂಡ್ ಎಣಿಸಿದ್ದರೆ, ಕಾಲು ಭಾಗ ನೀರು ಕಾಣೆಯಾದದ್ದನ್ನು ಅವರೇ ನೋಡಿರುತ್ತಾರೆ. ಆಮೇಲೂ ಒಪ್ಪದಿದ್ದರೆ ತುಂಬುವ ಹೊತ್ತಿನ ಲೆಕ್ಕವನ್ನಾದರೂ ಬಿಡದೆ ಒಪ್ಪಿಸಿಕೊಳ್ಳಿ, ಇಂಗುವ ನೀರಿನದ್ದನ್ನು ಒಂದು ಬೆಳೆಯ ಮಟ್ಟಿಗೆ ಅರ್ಧ ಹಿಡಿಯಿರಿ. ಮೇಲಿನವರಿಗೂ ಇದರಲ್ಲಿ ಲಾಭವಿದೆ. ಇಂಗುವ ನೀರಿನ ನಷ್ಟ ಈಗ ಅವರ ಗಂಟೆಯನ್ನೂ ತಿನ್ನುವುದರಿಂದ, ತುದಿಯ ಕಾಲುವೆಗೆ ಸಿಮೆಂಟ್ ಹಾಕಿಸುವ ಮಾತು ಬಂದಾಗ ಅವರೂ ಜೊತೆಗೆ ನಿಲ್ಲುತ್ತಾರೆ.

ಮೇಲಿನಿಂದ ಶುರುವೋ, ತುದಿಯಿಂದಲೋ

ಮೇಲಿನ ಪಟ್ಟಿ ತೂಬಿನಿಂದ ತುದಿಯ ಕಡೆಗೆ ಹೋಗುತ್ತದೆ. ವಾರಗಟ್ಟಲೆ ನೀರು ನಿಲ್ಲದೆ ಹರಿಯುವ ಕಾಲುವೆಗೆ ಇದೇ ಸರಿ. ಆದರೆ ನೀರು ಬಿಟ್ಟು ಬಿಟ್ಟು ಬರುವ ಕಾಲುವೆಯಲ್ಲಿ, ಅದರಲ್ಲೂ ಎಷ್ಟು ದಿನ ಹರಿಯುತ್ತದೆ ಎಂಬ ಭರವಸೆ ಇಲ್ಲದ ಕಡೆ, ತುದಿಯಿಂದ ಶುರು ಮಾಡುವುದೇ ಒಳ್ಳೆಯದು. ಹತ್ತು ದಿನ ಎಂದು ಹೇಳಿ ಏಳೇ ದಿನಕ್ಕೆ ನೀರು ನಿಂತರೆ ಆ ನಷ್ಟ ಕೊನೆಯ ಪಾಳಿಯವರಿಗೆ. ಆ ಕೊನೆಯ ಪಾಳಿ ತುದಿಯವರದಾಗಿದ್ದರೆ ಅವರ ಬೆಳೆ ಹೋಯಿತು. ಮೇಲಿನವರದಾಗಿದ್ದರೆ ಮುಂದಿನ ಸಲ ಸ್ವಲ್ಪ ನೀರು ಬಂದರೂ ಅವರ ಹೊಲಕ್ಕೇ ಮೊದಲು ಮುಟ್ಟುತ್ತದೆ.

ತುದಿಯಿಂದ ಶುರು ಮಾಡಿದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕಾಲುವೆ ಒಮ್ಮೆಗೇ ತುದಿಯವರೆಗೆ ತುಂಬುತ್ತದೆ. ಆ ಹೊತ್ತನ್ನು ಯಾರ ಪಾಳಿಗೂ ಹಾಕದೆ ಎಲ್ಲರ ಖರ್ಚು ಎಂದು ಮೊದಲೇ ತೆಗೆದಿಡಿ. ಬಾಯಿಯಿಂದ ಬಾಯಿಗೆ ಮೇಲೇರುವಾಗ ಕೆಳಗೆ ಉಳಿಯುವ ನೀರು ಆಗಷ್ಟೇ ಪಾಳಿ ಮುಗಿಸಿದವರಿಗೆ ಹೋಗುತ್ತದೆ. ಅದನ್ನು ಮಾತ್ರ ಅವರವರ ಲೆಕ್ಕದಲ್ಲಿ ಕಳೆಯಬೇಕು.

ಯಾವ ಕ್ರಮವಾದರೂ ಸರಿ, ಒಣಗಿದ ಕಾಲುವೆಗೆ ನೀರು ಬಿಟ್ಟ ಮೊದಲ ದಿನ ಎಲ್ಲ ಬಾಯಿ ಮುಚ್ಚಿ ನೀರನ್ನು ತುದಿಯವರೆಗೆ ಓಡಿಸಿ. ಒಣ ಮಣ್ಣು ಮೊದಲ ಸಲ ಬಹಳ ನೀರು ಕುಡಿಯುತ್ತದೆ. ಅದು ಕುಡಿದು ಮುಗಿದ ಮೇಲೆ ಪಾಳಿಯ ಗಡಿಯಾರ ಶುರುವಾಗಲಿ.

ರಾತ್ರಿ ಪಾಳಿ ಮತ್ತು ಕೈ ಬದಲಾಯಿಸುವ ಹೊತ್ತು

ವಾರದ ಪಾಳಿಯಲ್ಲಿ ಒಂದು ತೊಡಕಿದೆ. ಒಬ್ಬರಿಗೆ ಬಂದ ಹೊತ್ತು ಪ್ರತಿ ವಾರವೂ ಅದೇ. ನಮ್ಮ ಪಟ್ಟಿಯಲ್ಲಿ ನಾಲ್ಕನೇ ಹೊಲದವರು ಯಾವಾಗಲೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಬೇಕು. ಸಣ್ಣ ಹೊಲದವರ ಪೂರ್ತಿ ಪಾಳಿ ರಾತ್ರಿಯಲ್ಲೇ ಬಿದ್ದರೆ ಅವರ ನೀರು ಅರ್ಧಕ್ಕರ್ಧ ಹಾಳಾಗುತ್ತದೆ. ಕತ್ತಲಲ್ಲಿ ಮಡಿ ತುಂಬಿದ್ದು ಕಾಣುವುದಿಲ್ಲ, ಬದು ಒಡೆದದ್ದೂ ಕಾಣುವುದಿಲ್ಲ.

ಇದಕ್ಕೆ ಎರಡು ದಾರಿ. ಒಂದು, ಪ್ರತಿ ಬೆಳೆಗೆ ಅಥವಾ ವರ್ಷಕ್ಕೊಮ್ಮೆ ಶುರುವಿನ ಹೊತ್ತನ್ನು 12 ಗಂಟೆ ಮುಂದೆ ಹಾಕುವುದು. ಸೋಮವಾರ ಬೆಳಿಗ್ಗೆ 6 ಇದ್ದದ್ದು ಸಂಜೆ 6 ಆಗುತ್ತದೆ. ಹಗಲಿದ್ದವರಿಗೆ ರಾತ್ರಿ, ರಾತ್ರಿ ಇದ್ದವರಿಗೆ ಹಗಲು. ಇನ್ನೊಂದು, ಸುತ್ತನ್ನೇ ಏಳೂವರೆ ದಿನ, ಅಂದರೆ 180 ಗಂಟೆ ಮಾಡುವುದು. ಆಗ ಪ್ರತಿ ಸುತ್ತಿನಲ್ಲೂ ಹಗಲು ರಾತ್ರಿ ತಾನಾಗೇ ಅದಲುಬದಲಾಗುತ್ತದೆ. ಆದರೆ ದಿನ ನೆನಪಿಟ್ಟುಕೊಳ್ಳುವುದು ಕಷ್ಟ. "ನನ್ನದು ಶುಕ್ರವಾರ" ಎಂದು ಹೇಳುವ ಸುಲಭ ಹೋಗುತ್ತದೆ, ಜಗಳ ಹೆಚ್ಚುತ್ತದೆ. ಹಾಗಾಗಿ ನಾನು ಮೊದಲ ದಾರಿಯನ್ನೇ ಹೇಳುತ್ತೇನೆ.

ನೀರು ಕೈ ಬದಲಾಯಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ. ನೀರು ಪಡೆಯುವವರು ಹೋಗಿ ಮೇಲಿನ ಬಾಯಿ ಮುಚ್ಚಬೇಕು. ಪಾಳಿ ಮುಗಿದವರು ತಾವಾಗಿ ಮುಚ್ಚಲಿ ಎಂದು ಕಾದರೆ ಅರ್ಧ ಗಂಟೆ ಹೀಗೇ ಹೋಗುತ್ತದೆ. ಪಡೆಯುವವರು ಹೊತ್ತಿಗೆ ಬರದಿದ್ದರೆ ಹಳಬರು ನೀರು ಮುಂದುವರಿಸಬಹುದು, ಆದರೆ ಕಳೆದ ಹೊತ್ತು ಬರದವರದೇ. ಎಲ್ಲರೂ ಫೋನಿನ ಗಡಿಯಾರವನ್ನೇ ನೋಡಬೇಕು. ಪಟ್ಟಿಯನ್ನು ತೂಬಿನ ಹತ್ತಿರ ದೊಡ್ಡದಾಗಿ ಬರೆಸಿ ಹಾಕಿ. ನೀರುಗಂಟಿ ಇರುವ ಕಡೆ ಕೀಲಿ ಅವರ ಕೈಯಲ್ಲಿರಲಿ, ಅವರ ಕೂಲಿಯನ್ನು ಎಕರೆ ಲೆಕ್ಕದಲ್ಲಿ ಎಲ್ಲರೂ ಹಾಕಿ ಕೊಡಲಿ. ಒಬ್ಬಿಬ್ಬರು ದೊಡ್ಡ ರೈತರೇ ಪೂರ್ತಿ ಕೂಲಿ ಕೊಟ್ಟರೆ ನೀರುಗಂಟಿ ಅವರ ಮಾತನ್ನೇ ಕೇಳಬೇಕಾಗುತ್ತದೆ, ಅಲ್ವಾ?

ನೀರು ಕಡಿಮೆ ಬಂದಾಗ

ಗಂಟೆ ಪಾಳಿಯ ದೊಡ್ಡ ಗುಣ ಏನೆಂದರೆ, ತೂಬಿನಲ್ಲಿ ಸ್ವಲ್ಪ ನೀರು ಕಡಿಮೆಯಾದರೂ ಕೊರತೆ ಹೆಚ್ಚುಕಡಿಮೆ ಎಲ್ಲರಿಗೂ ಹಂಚಿಹೋಗುತ್ತದೆ. ಆದರೆ ಹರಿವು ಅರ್ಧಕ್ಕೆ ಇಳಿದರೆ ಈ ಮಾತು ನಿಲ್ಲುವುದಿಲ್ಲ. ಕಾಲುವೆ ಇಂಗಿಸಿಕೊಳ್ಳುವ ನೀರು ಹರಿವಿನಷ್ಟೇ ಕಡಿಮೆಯಾಗುವುದಿಲ್ಲ. ಆಳ ಇಳಿದಾಗ ಸ್ವಲ್ಪ ತಗ್ಗುತ್ತದೆ, ಅಷ್ಟೆ. ನಮ್ಮ ಕಾಲುವೆ ಕಾಲು ಕ್ಯೂಸೆಕ್ ಇಂಗಿಸುತ್ತದೆ. ತೂಬಿಗೆ ಅರ್ಧ ಕ್ಯೂಸೆಕ್ ಬಂದರೆ ತುದಿಗೆ ಮುಟ್ಟುವುದು ಹೆಚ್ಚೆಂದರೆ ಕಾಲು ಕ್ಯೂಸೆಕ್‌ಗಿಂತ ಒಂಚೂರು ಜಾಸ್ತಿ. ಮೇಲಿನವರಿಗೆ ಅರ್ಧ ಹೋಯಿತು, ತುದಿಯವರಿಗೆ ಮೂರರಲ್ಲಿ ಎರಡು ಪಾಲೇ ಹೋಯಿತು. ಬರಗಾಲದಲ್ಲಿ ತುದಿಯವರು ಮೊದಲು ಸೋಲುವುದು ಇದರಿಂದಲೇ.

ಪರಿಹಾರ ಒಂದು ತೂಬಿನೊಳಗೆ ಸಿಗುವುದಿಲ್ಲ, ಪಕ್ಕದ ತೂಬಿನವರ ಜೊತೆ ಮಾತಾಡಬೇಕು. ಎರಡು ತೂಬಿಗೂ ವಾರ ವಾರ ಅರ್ಧರ್ಧ ಕ್ಯೂಸೆಕ್ ಬರುವ ಬದಲು, ಒಂದು ವಾರ ಇವರಿಗೆ ಪೂರ್ತಿ ಒಂದು ಕ್ಯೂಸೆಕ್, ಇನ್ನೊಂದು ವಾರ ಅವರಿಗೆ ಪೂರ್ತಿ ಬಿಡಿಸಿಕೊಳ್ಳಿ. ಆರನೇ ಹೊಲದಲ್ಲಿ ನಿಂತು ನೋಡಿ. ಅರ್ಧರ್ಧ ಬಂದಾಗ ಎರಡು ಪಾಳಿಯಲ್ಲಿ ಕಾಲು ಕಾಲು ಸೇರಿ ಅರ್ಧ ಕ್ಯೂಸೆಕ್‌ನಷ್ಟು ಸಿಗುತ್ತದೆ. ಪೂರ್ತಿ ಬಂದಾಗ ಒಂದೇ ಪಾಳಿಯಲ್ಲಿ ಮುಕ್ಕಾಲು. ಮೇಲಿನಿಂದ ಒಂದು ಹನಿ ಹೆಚ್ಚು ಬಾರದೆ ತುದಿಗೆ ಒಂದೂವರೆ ಪಟ್ಟು ನೀರಾಯಿತು. ವಾರಬಂದಿ ಪ್ರದೇಶದಲ್ಲಿ ವಿತರಣಾ ಕಾಲುವೆಯನ್ನು ಹರಿಸಿದರೆ ಪೂರ್ತಿ, ಇಲ್ಲದಿದ್ದರೆ ಬಂದ್ ಎಂಬ ಕ್ರಮ ಇಟ್ಟಿರುವುದು ಇದಕ್ಕೇ. ನೀರು ಬಿಡುವ ಇಂಜಿನಿಯರ ಬಳಿ ಹೋಗುವಾಗ ಎರಡೂ ತೂಬಿನವರು ಒಟ್ಟಿಗೆ ಹೋಗಿ, ಈ ಲೆಕ್ಕವನ್ನೇ ಬರೆದುಕೊಂಡು ಹೋಗಿ.

ಪಾಳಿಯ ನಡುವೆ ಕಾಲುವೆ ಒಡೆದೋ, ಗೇಟು ಮುಚ್ಚಿಯೋ ನೀರು ನಿಂತರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಬರೆದಿಡಿ. ಕಟ್ಟುನಿಟ್ಟಾದ ವಾರಬಂದಿಯಲ್ಲಿ ಹೋದ ಹೊತ್ತು ಹೋಯಿತು, ಮುಂದಿನ ವಾರವೇ ಗತಿ. ನೀರು ಅಪರೂಪಕ್ಕೆ ನಿಲ್ಲುವ ಕಡೆ ಇದು ಸರಳ. ಪದೇ ಪದೇ ನಿಲ್ಲುವ ಕಡೆ ಮಾತ್ರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುವ ನಿಯಮ ಇರಬೇಕು. ಇಲ್ಲವಾದರೆ ನೀರು ಬಂದಾಗಲೆಲ್ಲ "ಹೊಸ ಸುತ್ತು" ಎಂದು ಮೇಲಿನಿಂದ ಶುರುವಾಗಿ, ತುದಿಯವರ ಪಾಳಿ ಬರುವುದೇ ಇಲ್ಲ. ಪಾಳಿ ಇದ್ದೂ ತುದಿ ಒಣಗುವ ತೂಬುಗಳಲ್ಲಿ ಮೊದಲು ಹುಡುಕಬೇಕಾದ ತಪ್ಪು ಇದು.

ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು

ಆರನೇ ಹೊಲದ ಬಾಯಿ ಹತ್ತಿರ ಕಾಲುವೆಯೊಳಗೆ ಅಂಗುಲ ಗುರುತು ಹಾಕಿದ ಗೂಟ ನೆಡಿ. ತೂಬಿನ ಕೆಳಗೆ ಇನ್ನೊಂದು. ಆರನೇ ಹೊಲದ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ಎರಡೂ ಕಡೆಯ ಆಳ ಬರೆಯಿರಿ. ಮೇಲಿನ ಗೂಟದಲ್ಲಿ ಮಟ್ಟ ಹಾಗೇ ಇದ್ದು ಕೆಳಗೆ ಮಾತ್ರ ಇಳಿದರೆ ನೀರು ನಡುವೆ ಹೋಗುತ್ತಿದೆ. ಎರಡೂ ಕಡೆ ಇಳಿದರೆ ತೊಂದರೆ ತೂಬಿನಿಂದ ಮೇಲಿದೆ, ಪಕ್ಕದ ಹೊಲದವರನ್ನು ಸುಮ್ನೆ ಅನುಮಾನಿಸಬೇಡಿ.

ನಡುವೆ ಹೋಗುತ್ತಿದೆ ಎಂದಾದರೆ ಹೇಗೆ ಇಳಿಯುತ್ತಿದೆ ಎಂದು ನೋಡಿ. ಹಗಲು ಸರಿಯಿದ್ದು ರಾತ್ರಿ ಹತ್ತರ ನಂತರ ಇಳಿದು ಬೆಳಗಾಗುವಷ್ಟರಲ್ಲಿ ಮತ್ತೆ ಏರಿದರೆ ಯಾರೋ ಬಾಯಿ ತೆರೆಯುತ್ತಿದ್ದಾರೆ. ಹಗಲೂ ರಾತ್ರಿ ಒಂದೇ ಸಮ ಕಡಿಮೆ ಇದ್ದರೆ ಯಾವುದೋ ಹಲಗೆ ಸೋರುತ್ತಿದೆ ಅಥವಾ ಏಡಿ, ಇಲಿ ಬಿಲ ಬದುವಿನಲ್ಲಿದೆ. ಕೆಳಗಿನ ಗೂಟದಲ್ಲಿ ವಾರದಿಂದ ವಾರಕ್ಕೆ ಆಳ ಇಳಿಯುತ್ತಾ, ಅದೇ ಹೊತ್ತಿಗೆ ಮೇಲಿನ ಹೊಲಗಳ ಹತ್ತಿರ ಕಾಲುವೆ ಉಕ್ಕುವಂತೆ ಏರುತ್ತಾ ಹೋದರೆ ಹುಲ್ಲು ಬೆಳೆದು ನೀರನ್ನು ತಡೆಯುತ್ತಿದೆ. ಅದಕ್ಕೆ ಕುಡುಗೋಲು ಬೇಕು, ಪಂಚಾಯಿತಿ ಬೇಕಿಲ್ಲ.

ತಪ್ಪು ಮಾಡಿದವರಿಗೆ ದುಡ್ಡಿನ ದಂಡ ಹಾಕುವುದಕ್ಕಿಂತ ಹೊತ್ತಿನ ದಂಡ ಹಾಕುವುದು ಒಳ್ಳೆಯದು. ಒಂದು ಗಂಟೆ ಕದ್ದರೆ ಮುಂದಿನ ಪಾಳಿಯಲ್ಲಿ ಎರಡು ಗಂಟೆ ಕಡಿತ, ಅದು ಯಾರ ಪಾಳಿಯಿಂದ ಹೋಗಿತ್ತೋ ಅವರಿಗೇ ಸೇರಬೇಕು. ದುಡ್ಡು ಇದ್ದವರು ದಂಡ ಕಟ್ಟಿ ಮತ್ತೆ ಕದಿಯಬಹುದು, ನೀರು ಕಳೆದುಕೊಂಡವರಿಗೆ ಆ ದುಡ್ಡಿನಿಂದ ಬೆಳೆ ಬರುವುದಿಲ್ಲ. ಜಗಳ ಕೇಳಲು ವಾರಕ್ಕೆ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಸ್ಪೇನ್ ದೇಶದ ವೇಲೆನ್ಸಿಯಾ ನಗರದಲ್ಲಿ ಕಾಲುವೆಗಳ ರೈತರೇ ಆರಿಸಿದ ನೀರಿನ ನ್ಯಾಯಮಂಡಳಿ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲ ಮುಂದೆ, ಎಲ್ಲರೆದುರು, ಬಾಯಿಮಾತಿನಲ್ಲೇ ವಿಚಾರಣೆ ಮಾಡುತ್ತದೆ. ಜಗಳ ಯಾವ ಕಾಲುವೆಯದೋ ಆ ಕಾಲುವೆಗೆ ಸೇರಿದ ಸದಸ್ಯರು ಆ ತೀರ್ಪಿನಲ್ಲಿ ಕೂರುವುದಿಲ್ಲ. ಆರು ಹೊಲದ ತೂಬಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಆದರೆ ಪಕ್ಕದ ತೂಬಿನ ಇಬ್ಬರನ್ನು ಕರೆದು ಕೂರಿಸುವುದು ಕಷ್ಟವೇನಲ್ಲ.

ಪಾಳಿ ಅದಲುಬದಲು ಮಾಡಿಕೊಳ್ಳಲು ಅವಕಾಶ ಕೊಡಿ. ಮದುವೆ, ಕೊಯ್ಲು, ಕಾಯಿಲೆ ಎಲ್ಲರಿಗೂ ಬರುತ್ತವೆ. ಆದರೆ ಇಬ್ಬರೂ ಹಿಂದಿನ ದಿನವೇ ನೀರುಗಂಟಿಗೆ ಹೇಳಿ ಪುಸ್ತಕದಲ್ಲಿ ಬರೆಸಬೇಕು. ಮೇಲಿನವರ ಗಂಟೆ ಮತ್ತು ತುದಿಯವರ ಗಂಟೆ ಒಂದೇ ಅಲ್ಲ, ಹಾಗಾಗಿ ಬದಲಾವಣೆ ಅಕ್ಕಪಕ್ಕದ ಹೊಲಗಳ ನಡುವೆ ಮಾತ್ರ ಇರಲಿ. ಮೊದಲ ಹೊಲದವರೂ ಆರನೇ ಹೊಲದವರೂ ಬದಲಾಯಿಸಿಕೊಂಡರೆ ತುಂಬುವ ಹೊತ್ತಿನ ಲೆಕ್ಕ ನಡುವಿನ ಎಲ್ಲರಿಗೂ ತಪ್ಪುತ್ತದೆ.

ಪ್ರತಿ ಬೆಳೆಗೆ ಮುಂಚೆ ಹೂಳು ತೆಗೆದ ಮೇಲೆ ತುಂಬುವ ಹೊತ್ತನ್ನೂ ಎರಡು ಕಡೆಯ ಹರಿವನ್ನೂ ಮತ್ತೆ ಅಳೆಯಿರಿ. ತುದಿಯ ಹರಿವು 0.75 ಇದ್ದದ್ದು 0.80 ಆಗಿದ್ದರೆ ಹೊಸ ಅಂಕಿ ಹಾಕಿ ಪಟ್ಟಿ ತಿದ್ದಬೇಕು. ಆಗ ಮೊದಲ ಹೊಲದವರಿಗೂ ಸ್ವಲ್ಪ ಹೊತ್ತು ವಾಪಸ್ ಸಿಗುತ್ತದೆ. ಹಳೆಯ ಪಟ್ಟಿಯನ್ನು ಅಳಿಸದೆ ದಿನಾಂಕ ಹಾಕಿ ಪುಸ್ತಕದಲ್ಲೇ ಇಟ್ಟುಕೊಳ್ಳಿ. ಹೊಲ ಭಾಗವಾದಾಗ, ಮಾರಾಟವಾದಾಗ ಯಾರ ಪಾಲಿಗೆ ಎಷ್ಟು ಗಂಟೆ ಎಂದು ತೋರಿಸಲು ಅದೇ ಬೇಕಾಗುತ್ತದೆ.